ಕಾಂಟ್ರಾಕ್ಟ್ ನೋಟ್‌ನ ಕೊನೆಯ ಸಾಲು ಸರಿಯೇ? ಬ್ರೋಕರೇಜ್, ಎಸ್‌ಟಿಟಿ ಮತ್ತು ನಿವ್ವಳ ಮೊತ್ತವನ್ನು ತಾಳೆ ನೋಡುವ ಬಗೆ

ಷೇರು ವ್ಯವಹಾರ ನಡೆದ 24 ಗಂಟೆಯೊಳಗೆ ಬ್ರೋಕರ್ ಗ್ರಾಹಕನಿಗೆ ಕಾಂಟ್ರಾಕ್ಟ್ ನೋಟ್, ಅಂದರೆ ಆ ದಿನ ಕೊಂಡದ್ದು, ಮಾರಿದ್ದು, ಶುಲ್ಕ ಎಲ್ಲದರ ವಿವರವಿರುವ ಪತ್ರ, ಕಳಿಸಬೇಕು ಎನ್ನುವುದು ನಿಯಮ. ಬಹುತೇಕರಿಗೆ ಅದು ಪ್ಯಾನ್ ನಂಬರನ್ನೇ ಪಾಸ್‌ವರ್ಡ್ ಆಗಿಟ್ಟುಕೊಂಡ ಪಿಡಿಎಫ್ ಆಗಿ ಇಮೇಲ್‌ಗೆ ಬರುತ್ತದೆ, ತೆರೆಯದೆಯೇ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ. ಆ್ಯಪ್‌ನಲ್ಲಿ ಲಾಭ ನಷ್ಟ ಕಾಣುತ್ತದಲ್ಲ, ಇನ್ನೇನು ಎಂಬ ಸಮಾಧಾನ. ಆದರೆ ಆ್ಯಪ್ ತೋರಿಸುವ ಅಂಕಿ ಹೆಚ್ಚಿನ ಸಲ ಶುಲ್ಕ ಕಳೆಯದ ಅಂಕಿ ಅಥವಾ ಅಂದಾಜು. ಕಾನೂನಿನ ಪ್ರಕಾರ ನಿಮ್ಮ ಮತ್ತು ಬ್ರೋಕರ್ ನಡುವಿನ ವ್ಯವಹಾರಕ್ಕೆ ದಾಖಲೆ ಎಂದರೆ ಡಿಜಿಟಲ್ ಸಹಿ ಇರುವ ಆ ನೋಟ್.

ಅದನ್ನು ತಾಳೆ ನೋಡಲು ಕೂತವರಿಗೂ ಈಗೊಂದು ತೊಡಕಿದೆ. ಅಂತರ್ಜಾಲದಲ್ಲಿ ಸಿಗುವ ಹಲವು ಲೆಕ್ಕದ ಹಾಳೆಗಳು ಹಳೆಯ ದರದಲ್ಲೇ ನಿಂತಿವೆ. ಮೊದಲು ಎಕ್ಸ್‌ಚೇಂಜ್‌ಗಳು ಬ್ರೋಕರ್‌ಗಳಿಂದ ವಹಿವಾಟಿನ ಗಾತ್ರ ನೋಡಿ ಹಂತಹಂತದ ದರದಲ್ಲಿ ಶುಲ್ಕ ಪಡೆಯುತ್ತಿದ್ದವು. ದೊಡ್ಡ ಬ್ರೋಕರ್ ಎಕ್ಸ್‌ಚೇಂಜ್‌ಗೆ ಕಡಿಮೆ ದರದಲ್ಲಿ ಕಟ್ಟಿ, ಗ್ರಾಹಕನಿಂದ ಮೇಲಿನ ಹಂತದ ದರದಲ್ಲಿ ವಸೂಲು ಮಾಡಿ, ನಡುವಿನ ವ್ಯತ್ಯಾಸ ಉಳಿಸಿಕೊಳ್ಳಲು ಅದರಿಂದ ದಾರಿಯಿತ್ತು. ಗ್ರಾಹಕನಿಂದ ಯಾವ ಹೆಸರಿನಲ್ಲಿ ಎಷ್ಟು ಪಡೆಯುತ್ತಾರೋ ಅಷ್ಟೇ ಎಕ್ಸ್‌ಚೇಂಜ್‌ಗೆ ಸಲ್ಲಬೇಕು ಎಂದು ಸೆಬಿ 2024ರ ಜುಲೈ 1ರಂದು ಸುತ್ತೋಲೆ ಹೊರಡಿಸಿತು. ಅಕ್ಟೋಬರ್ 1ರಿಂದ ಎಲ್ಲರಿಗೂ ಒಂದೇ ದರ. ಎನ್‌ಎಸ್‌ಇ ನಗದು ವಿಭಾಗದಲ್ಲಿ ಅದು ಲಕ್ಷ ರೂಪಾಯಿಗೆ 2.97 ರೂಪಾಯಿ. ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುವ ಕೋಟಿಗೆ 10 ರೂಪಾಯಿಯನ್ನೂ ಸೇರಿಸಿದರೆ ಲಕ್ಷಕ್ಕೆ 3.07. ಹಳೆಯ ಹಾಳೆಯಲ್ಲಿ ಇದು 3.22 ಎಂದೋ 3.25 ಎಂದೋ ಇರುತ್ತದೆ. ಪೈಸೆಗಳಲ್ಲಿ ಲೆಕ್ಕ ತಪ್ಪಿದರೆ ಬ್ರೋಕರ್ ಮೇಲೆ ಅನುಮಾನ ಪಡುವ ಮೊದಲು ನಿಮ್ಮ ಹಾಳೆಯ ದರ ನೋಡಿ.

ಇಲ್ಲಿ ನಗದು ವಿಭಾಗದ ಷೇರು ವ್ಯವಹಾರವನ್ನಷ್ಟೇ ತೆಗೆದುಕೊಂಡಿದೆ. ಫ್ಯೂಚರ್ಸ್, ಆಪ್ಷನ್ಸ್‌ಗಳ ದರ, ಲೆಕ್ಕದ ರೀತಿ ಎರಡೂ ಬೇರೆ.

ಒಂದು ದಿನದ ನೋಟ್

ಬೆಂಗಳೂರಿನ ಗ್ರಾಹಕರೊಬ್ಬರ ನೋಟ್ ಹೀಗಿದೆ ಎಂದುಕೊಳ್ಳೋಣ. ಎನ್‌ಎಸ್‌ಇಯಲ್ಲಿ ಮೊದಲನೇ ಕಂಪನಿಯ 500 ಷೇರುಗಳನ್ನು 412 ರೂಪಾಯಿಗೆ ಕೊಂಡಿದ್ದಾರೆ. ಅದೇ ದಿನ ಮಧ್ಯಾಹ್ನ ಅದರಲ್ಲಿ 200ನ್ನು 419ಕ್ಕೆ ಮಾರಿದ್ದಾರೆ. ಎರಡನೇ ಕಂಪನಿಯ 100 ಷೇರುಗಳು ಹಿಂದಿನಿಂದಲೂ ಡಿಮ್ಯಾಟ್‌ನಲ್ಲಿದ್ದವು, ಅವನ್ನು 1,180ಕ್ಕೆ ಮಾರಿದ್ದಾರೆ. ಬ್ರೋಕರ್ ಜತೆ ಒಪ್ಪಿದ ದರ ಡೆಲಿವರಿಗೆ ಶೇ 0.30, ಇಂಟ್ರಾಡೇಗೆ ಎರಡೂ ಬದಿಗೆ ಶೇ 0.03.

ಮೊದಲು ನೋಡಬೇಕಾದ್ದು ದುಡ್ಡಲ್ಲ, ಸಂಖ್ಯೆ ಮತ್ತು ಬೆಲೆ. ನೋಟ್‌ನಲ್ಲಿ ಪ್ರತಿ ಸಾಲಿಗೂ ಆರ್ಡರ್ ನಂಬರ್, ಟ್ರೇಡ್ ನಂಬರ್, ಸಮಯ ಇರುತ್ತವೆ. 500 ಷೇರಿನ ಒಂದು ಆರ್ಡರ್ 300 ಮತ್ತು 200 ಎಂದು ಎರಡು ಟ್ರೇಡ್ ಆಗಿ ಕಂಡರೆ ಗಾಬರಿ ಬೇಡ, ಎದುರಿನ ಮಾರಾಟಗಾರರು ಇಬ್ಬರಿದ್ದರು ಎಂದಷ್ಟೇ ಅರ್ಥ, ಆರ್ಡರ್ ನಂಬರ್ ಮಾತ್ರ ಒಂದೇ ಇರಬೇಕು. ಆರ್ಡರ್‌ಗೆ ಇಷ್ಟು ರೂಪಾಯಿ ಎಂದು ಬ್ರೋಕರೇಜ್ ಕೊಡುವವರಿಗೆ ಇದು ಮುಖ್ಯ: ಒಂದೇ ಆರ್ಡರ್ ಹತ್ತು ತುಂಡಾಗಿ ಪೂರ್ತಿಯಾದರೂ ಶುಲ್ಕ ಒಂದೇ ಸಲ ಬೀಳಬೇಕು. ಕೆಲವು ನೋಟ್‌ಗಳು ಮುಖಪುಟದಲ್ಲಿ ಸರಾಸರಿ ಬೆಲೆಯೊಂದನ್ನೇ ಕೊಟ್ಟು, ಟ್ರೇಡ್‌ಗಳ ವಿವರವನ್ನು ಹಿಂದಿನ ಅನುಬಂಧಕ್ಕೆ ಸೇರಿಸುತ್ತವೆ. ಅನುಬಂಧವನ್ನು ಬಿಡದೆ ನೋಡಬೇಕು. ಎಕ್ಸ್‌ಚೇಂಜ್ ನಿಮ್ಮ ಮೊಬೈಲ್‌ಗೆ ನೇರವಾಗಿ ಕಳಿಸುವ ಎಸ್‌ಎಂಎಸ್‌ನ ಮೊತ್ತಕ್ಕೂ ನೋಟ್‌ನ ವಹಿವಾಟಿಗೂ ಹೊಂದಬೇಕು. ಸಂಶಯವಿದ್ದರೆ ಎನ್‌ಎಸ್‌ಇ ಜಾಲತಾಣದ ಟ್ರೇಡ್ ವೆರಿಫಿಕೇಶನ್ ಪುಟದಲ್ಲಿ ಟ್ರೇಡ್ ನಂಬರ್ ಹಾಕಿ ನೋಡಬಹುದು. ಈ ಹಂತದಲ್ಲಿ ಹೊಂದದಿದ್ದರೆ ಮುಂದಿನ ಲೆಕ್ಕ ಹಾಕುವುದು ವ್ಯರ್ಥ. ಅದು ಶುಲ್ಕದ ತಕರಾರಲ್ಲ, ನೀವು ಮಾಡದ ವ್ಯವಹಾರದ ತಕರಾರು.

ನಮ್ಮ ಉದಾಹರಣೆಯಲ್ಲಿ ಖರೀದಿ 2,06,000 ರೂಪಾಯಿ. ಮಾರಾಟ 83,800 ಮತ್ತು 1,18,000, ಒಟ್ಟು 2,01,800. ಎರಡೂ ಸೇರಿ ದಿನದ ವಹಿವಾಟು 4,07,800.

ಬ್ರೋಕರೇಜ್

ಇದನ್ನು ತಾಳೆ ನೋಡುವ ಮೊದಲು 500 ಷೇರನ್ನು ಎರಡು ಭಾಗ ಮಾಡಿಕೊಳ್ಳಬೇಕು. ಅದೇ ದಿನ ಮಾರಿದ 200 ಇಂಟ್ರಾಡೇ, ಉಳಿದ 300 ಡೆಲಿವರಿ. ಡೆಲಿವರಿ ಷೇರಿಗೆ 412ರ ಶೇ 0.30 ಅಂದರೆ ತಲಾ 1.236 ರೂಪಾಯಿ, 300ಕ್ಕೆ 370.80. ಇಂಟ್ರಾಡೇ ಖರೀದಿಗೆ ತಲಾ 0.1236ರಂತೆ 24.72, ಮಾರಾಟಕ್ಕೆ ತಲಾ 0.1257ರಂತೆ 25.14. ಎರಡನೇ ಕಂಪನಿಯ ಮಾರಾಟಕ್ಕೆ ತಲಾ 3.54ರಂತೆ 354. ಒಟ್ಟು 774.66.

ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲೇ. ಎಲ್ಲ ಸಾಲಿಗೂ ಡೆಲಿವರಿ ದರವನ್ನೇ ಹಾಕಿದ್ದರೆ ಬ್ರೋಕರೇಜ್ 1,223.40 ಆಗುತ್ತಿತ್ತು. ವ್ಯತ್ಯಾಸ 448.74, ಅದರ ಮೇಲಿನ ಜಿಎಸ್‌ಟಿ ಸೇರಿದರೆ 529.51. ಪತ್ತೆ ಹಚ್ಚುವುದು ಸುಲಭ: ಪ್ರತಿ ಷೇರಿನ ಬ್ರೋಕರೇಜ್ ಎಂಬ ಕಾಲಂನಲ್ಲಿ 200 ಷೇರಿನ ಎದುರು 0.1236 ಇದೆಯೋ 1.236 ಇದೆಯೋ ನೋಡಿದರೆ ಸಾಕು. ಕೆಲವು ಬ್ರೋಕರ್‌ಗಳು ಆರ್ಡರ್ ಹಾಕುವಾಗ ನೀವು ಆರಿಸಿದ ಬಗೆಯನ್ನು ನೋಡಿ ದರ ಹಾಕುತ್ತಾರೆ. ಡೆಲಿವರಿ ಎಂದು ಕೊಂಡು ಅದೇ ದಿನ ಮಾರಿದರೂ ಡೆಲಿವರಿ ದರವೇ ಬೀಳುತ್ತದೆ. ಇನ್ನು ಕೆಲವರು ದಿನದ ಕೊನೆಗೆ ಕೊಂಡದ್ದನ್ನೂ ಮಾರಿದ್ದನ್ನೂ ಹೊಂದಿಸಿ ದರ ಹಾಕುತ್ತಾರೆ. ಎರಡರಲ್ಲಿ ನಿಮಗೆ ಯಾವುದು ಎನ್ನುವುದು ಖಾತೆ ತೆರೆಯುವಾಗ ಸಹಿ ಹಾಕಿದ ದರಪಟ್ಟಿಯಲ್ಲಿರುತ್ತದೆ. ಆ ಹಾಳೆ ಕೈಯಲ್ಲಿಲ್ಲದೆ ಬ್ರೋಕರೇಜ್ ತಪ್ಪು ಎಂದು ವಾದಿಸಲು ಬರುವುದಿಲ್ಲ. ದರ ಬದಲಾದಾಗ ಬಂದ ಇಮೇಲ್ ಕೂಡ ಆ ಹಾಳೆಯಷ್ಟೇ ಮುಖ್ಯ.

ಎರಡನೆಯದು ಕನಿಷ್ಠ ಬ್ರೋಕರೇಜ್. ಶೇ 0.30 ಎಂದು ದಪ್ಪಕ್ಷರದಲ್ಲಿದ್ದು, ಕೆಳಗೆ ಸಣ್ಣಕ್ಷರದಲ್ಲಿ ‘ಅಥವಾ ಷೇರಿಗೆ 5 ಪೈಸೆ, ಯಾವುದು ಹೆಚ್ಚೋ ಅದು’ ಎಂದಿದ್ದರೆ, 8 ರೂಪಾಯಿಯ ಷೇರಿಗೆ ನೀವು ಕೊಡುವುದು 2.4 ಪೈಸೆಯಲ್ಲ, 5 ಪೈಸೆ. 1,000 ಷೇರಿಗೆ 24ರ ಬದಲು 50 ರೂಪಾಯಿ. ಅಂದರೆ ನಿಜವಾದ ದರ ಶೇ 0.625. ಕಡಿಮೆ ಬೆಲೆಯ ಷೇರುಗಳ ಸಾಲಿನಲ್ಲಿ ಮಾತ್ರ ಲೆಕ್ಕ ಕೂಡುತ್ತಿಲ್ಲ ಎಂದರೆ ಕಾರಣ ಹೆಚ್ಚಾಗಿ ಇದೇ. ಮೇಲಿನ ಮಿತಿಯೂ ಒಂದಿದೆ: ಬ್ರೋಕರೇಜ್ ವ್ಯವಹಾರದ ಮೌಲ್ಯದ ಶೇ 2.5ನ್ನು ದಾಟಬಾರದು. 10 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಷೇರಾದರೆ ಮಿತಿ ತಲಾ 25 ಪೈಸೆ.

ಮೂರನೆಯದು ದಶಮಾಂಶ. ಬ್ರೋಕರ್‌ನ ತಂತ್ರಾಂಶ ಪ್ರತಿ ಷೇರಿನ ಬ್ರೋಕರೇಜನ್ನು ನಾಲ್ಕು ಸ್ಥಾನಕ್ಕೆ ಇಟ್ಟರೆ 1.2360, ಎರಡೇ ಸ್ಥಾನಕ್ಕೆ ಸರಿಹೊಂದಿಸಿದರೆ 1.24. 300 ಷೇರಿಗೆ 1.20 ರೂಪಾಯಿ ವ್ಯತ್ಯಾಸ. ಇದು ಮೋಸವಲ್ಲ, ಆದರೆ ಯಾವಾಗಲೂ ಮೇಲಕ್ಕೇ ಸರಿಯುತ್ತಿದ್ದರೆ ಕೇಳಬೇಕಾದ ವಿಷಯ.

ಸರ್ಕಾರಕ್ಕೆ ಹೋಗುವ ಭಾಗ

ಎಸ್‌ಟಿಟಿ ಎಂಬ ಷೇರು ವ್ಯವಹಾರ ತೆರಿಗೆ ಡೆಲಿವರಿಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಶೇ 0.1. ಇಂಟ್ರಾಡೇಯಲ್ಲಿ ಮಾರಾಟಕ್ಕೆ ಮಾತ್ರ, ಶೇ 0.025. ನಮ್ಮ ನೋಟ್‌ನಲ್ಲಿ ಡೆಲಿವರಿ ಖರೀದಿ 1,23,600ಕ್ಕೆ 123.60, ಇಂಟ್ರಾಡೇ ಮಾರಾಟ 83,800ಕ್ಕೆ 20.95, ಎರಡನೇ ಕಂಪನಿಯ ಮಾರಾಟಕ್ಕೆ 118. ಒಟ್ಟು 262.55. ಎಸ್‌ಟಿಟಿಯನ್ನು ಹತ್ತಿರದ ಪೂರ್ಣ ರೂಪಾಯಿಗೆ ಸರಿಹೊಂದಿಸುವುದು ನಿಯಮ, ಹಾಗಾಗಿ ನೋಟ್‌ನಲ್ಲಿ 263 ಕಾಣುತ್ತದೆ. 45 ಪೈಸೆ ಯಾರ ಜೇಬಿಗೂ ಹೋಗಿಲ್ಲ.

ಎಸ್‌ಟಿಟಿಯ ಒಂದು ಗುಣ ತಾಳೆ ನೋಡುವವರಿಗೆ ಬಹಳ ಉಪಕಾರಿ. ಇದು ನೀವು ಆ್ಯಪ್‌ನಲ್ಲಿ ಯಾವ ಬಗೆ ಆರಿಸಿದಿರಿ ಎಂದು ಕೇಳುವುದಿಲ್ಲ. ಆ ದಿನ, ಆ ಷೇರಿನಲ್ಲಿ, ಕೊಂಡದ್ದರಲ್ಲಿ ಎಷ್ಟು ಮಾರಿ ಚುಕ್ತಾ ಆಯಿತು, ಎಷ್ಟು ಉಳಿಯಿತು ಎಂಬುದನ್ನಷ್ಟೇ ನೋಡುತ್ತದೆ, ಬೆಲೆಗೆ ನಿಮ್ಮ ಟ್ರೇಡ್‌ಗಳ ಸರಾಸರಿಯನ್ನು ಹಿಡಿಯುತ್ತದೆ. ಆದ್ದರಿಂದ ಎಸ್‌ಟಿಟಿ 200 ಷೇರನ್ನು ಇಂಟ್ರಾಡೇ ಎಂದು ಪರಿಗಣಿಸಿ, ಬ್ರೋಕರೇಜ್ ಮಾತ್ರ ಡೆಲಿವರಿ ದರದಲ್ಲಿ ಬಿದ್ದಿದ್ದರೆ, ಪ್ರಶ್ನೆ ಕೇಳಲು ನಿಮಗೆ ನೋಟ್‌ನಲ್ಲೇ ಆಧಾರ ಸಿಕ್ಕಂತಾಯಿತು.

ಟ್ರೇಡ್ ಟು ಟ್ರೇಡ್ ವರ್ಗದ ಷೇರುಗಳಲ್ಲಿ ಹೀಗೆ ಕೊಂಡದ್ದು ಮಾರಿದ್ದನ್ನು ಹೊಂದಿಸಲು ಅವಕಾಶವೇ ಇಲ್ಲ, ಎನ್‌ಎಸ್‌ಇಯಲ್ಲಿ ಇವುಗಳ ಹೆಸರಿನ ಮುಂದೆ BE ಎಂದಿರುತ್ತದೆ. ಅಲ್ಲಿ ಪ್ರತಿ ವ್ಯವಹಾರವೂ ಡೆಲಿವರಿ, ಪ್ರತಿ ಬದಿಗೂ ಶೇ 0.1. ಷೇರು ಆ ವರ್ಗಕ್ಕೆ ಸರಿದಿರುವುದು ತಿಳಿಯದೆ ‘ಎಸ್‌ಟಿಟಿ ಜಾಸ್ತಿ ಹಾಕಿದ್ದಾರೆ’ ಎನ್ನುವವರಿದ್ದಾರೆ. ಇಟಿಎಫ್‌ಗಳ ಕಥೆ ತಿರುಗುಮುರುಗು. ಷೇರು ಆಧಾರಿತ ಇಟಿಎಫ್‌ನಲ್ಲಿ ಮಾರುವವರಿಗೆ ಮಾತ್ರ ಶೇ 0.001, ಕೊಳ್ಳುವವರಿಗೆ ಇಲ್ಲ. ಚಿನ್ನದ ಇಟಿಎಫ್‌ಗೆ ಎಸ್‌ಟಿಟಿಯೇ ಇಲ್ಲ. ಷೇರಿನ ದರದಲ್ಲಿ ಲೆಕ್ಕ ಹಾಕಿ ಕೂತರೆ ನೋಟ್ ಯಾವತ್ತೂ ಹೊಂದುವುದಿಲ್ಲ.

ಮುದ್ರಾಂಕ ಶುಲ್ಕ ಖರೀದಿಗೆ ಮಾತ್ರ. 2020ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ದರ: ಡೆಲಿವರಿಗೆ ಶೇ 0.015, ಇಂಟ್ರಾಡೇಗೆ ಶೇ 0.003. ಇಲ್ಲಿ 18.54 ಮತ್ತು 2.47, ಒಟ್ಟು 21.01. ನೋಟ್‌ನಲ್ಲಿ 21 ಎಂದಿದ್ದರೆ ಸರಿ. ಅಂದು ಮಾರಾಟ ಮಾತ್ರ ಮಾಡಿದ್ದು, ನೋಟ್‌ನಲ್ಲಿ ಮುದ್ರಾಂಕ ಶುಲ್ಕ ಕಂಡರೆ ಅದು ತಪ್ಪು. ಇದಕ್ಕಿಂತ ಸುಲಭದ ಪರೀಕ್ಷೆ ನೋಟ್‌ನಲ್ಲಿ ಬೇರೊಂದಿಲ್ಲ.

ಎಕ್ಸ್‌ಚೇಂಜ್ ಶುಲ್ಕ 4,07,800ಕ್ಕೆ ಶೇ 0.00307ರಂತೆ 12.52. ಸೆಬಿ ಶುಲ್ಕ ಕೋಟಿಗೆ 10 ರೂಪಾಯಿಯಂತೆ 41 ಪೈಸೆ. ಬಿಎಸ್‌ಇಯಲ್ಲಿ ಮಾಡಿದ್ದರೆ ಎಕ್ಸ್‌ಚೇಂಜ್ ದರ ಬೇರೆ, ಸಾಮಾನ್ಯ ಗುಂಪಿನ ಷೇರುಗಳಿಗೆ ಶೇ 0.00375.

ಜಿಎಸ್‌ಟಿ ಶೇ 18. ಎಲ್ಲದರ ಮೇಲೂ ಅಲ್ಲ, ಸೇವೆಯ ಮೇಲೆ ಮಾತ್ರ: ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ ಮತ್ತು ಸೆಬಿ ಶುಲ್ಕ. ಎಸ್‌ಟಿಟಿ ಮತ್ತು ಮುದ್ರಾಂಕ ಶುಲ್ಕ ತಾವೇ ತೆರಿಗೆಗಳು, ಅವುಗಳ ಮೇಲೆ ಜಿಎಸ್‌ಟಿ ಬರುವಂತಿಲ್ಲ. ನಮ್ಮ ಲೆಕ್ಕದಲ್ಲಿ 774.66, 12.52 ಮತ್ತು 0.41 ಸೇರಿ 787.59. ಬ್ರೋಕರ್ ಕರ್ನಾಟಕದ ನೋಂದಣಿಯಿಂದ ಬಿಲ್ ಮಾಡಿದರೆ ಸಿಜಿಎಸ್‌ಟಿ 70.88, ಎಸ್‌ಜಿಎಸ್‌ಟಿ 70.88, ಒಟ್ಟು 141.76. ಮುಂಬಯಿಯಿಂದ ಬಿಲ್ ಮಾಡಿದರೆ ಐಜಿಎಸ್‌ಟಿ ಒಂದೇ ಸಾಲು, 141.77. ಒಂದು ಪೈಸೆಯ ಈ ವ್ಯತ್ಯಾಸ ಎರಡು ಸಲ ಸರಿಹೊಂದಿಸಿದ್ದರ ಫಲ. ಮೂರೂ ಹೆಸರುಗಳು ಒಟ್ಟಿಗೆ ಮೊತ್ತ ಹೊತ್ತು ನಿಂತಿದ್ದರೆ ಮಾತ್ರ ಏನೋ ಎಡವಟ್ಟಾಗಿದೆ.

ಸ್ಪ್ರೆಡ್‌ಶೀಟ್‌ನಲ್ಲಿ ಇಷ್ಟು ಸಾಕು:

```
=ROUND(0.001*(300*412+100*1180)+0.00025*200*419,0)
=ROUND(0.00015*300*412+0.00003*200*412,2)
=2*ROUND(0.09*(774.66+12.52+0.41),2)
```

ಮೊದಲ ಸಾಲು ಎಸ್‌ಟಿಟಿ 263, ಎರಡನೆಯದು ಮುದ್ರಾಂಕ ಶುಲ್ಕ 21.01, ಮೂರನೆಯದು ಜಿಎಸ್‌ಟಿ 141.76 ಕೊಡುತ್ತದೆ.

ನಿವ್ವಳ ಮೊತ್ತ

ಗ್ರಾಹಕರು ತಮ್ಮ ಕಡೆಯಿಂದ ತಪ್ಪುವ ಜಾಗ ಇದು. ನೋಟ್‌ಗಳಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ Pay in/Pay out Obligation ಎಂಬ ಸಾಲಿನಲ್ಲಿ ಬ್ರೋಕರೇಜ್ ಸೇರದ ಶುದ್ಧ ವ್ಯವಹಾರದ ವ್ಯತ್ಯಾಸ ಇರುತ್ತದೆ, ಬ್ರೋಕರೇಜ್ ಕೆಳಗೆ Taxable value of supply ಎಂಬ ಹೆಸರಿನಲ್ಲಿ ಬೇರೆಯಾಗಿ ಬರುತ್ತದೆ. ನಮ್ಮ ಲೆಕ್ಕದಲ್ಲಿ 2,06,000ದಿಂದ 2,01,800 ಕಳೆದರೆ ಕೊಡಬೇಕಾದ್ದು 4,200. ಇದಕ್ಕೆ ಬ್ರೋಕರೇಜ್ 774.66, ಎಕ್ಸ್‌ಚೇಂಜ್ ಮತ್ತು ಸೆಬಿ ಶುಲ್ಕ 12.93, ಜಿಎಸ್‌ಟಿ 141.76, ಎಸ್‌ಟಿಟಿ 263, ಮುದ್ರಾಂಕ ಶುಲ್ಕ 21 ಸೇರಿಸಿದರೆ 5,413.35. ಕೊನೆಯ ಸಾಲಿನಲ್ಲಿ ಇದೇ ಇರಬೇಕು.

ಇನ್ನೊಂದು ಪದ್ಧತಿಯಲ್ಲಿ ಬ್ರೋಕರೇಜನ್ನು ಬೆಲೆಯೊಳಗೇ ಸೇರಿಸಿರುತ್ತಾರೆ. ಕೊಂಡ ಷೇರಿನ ನಿವ್ವಳ ದರ 412 ಇರದೆ 413.236 ಆಗಿರುತ್ತದೆ, ಮಾರಿದ 1,180ರ ಷೇರು 1,176.46 ಆಗಿರುತ್ತದೆ. ಆಗ ಖರೀದಿ ಒಟ್ಟು 2,06,395.52, ಮಾರಾಟ 2,01,420.86, ವ್ಯತ್ಯಾಸ 4,974.66. ಬ್ರೋಕರೇಜ್ ಆಗಲೇ ಇದರೊಳಗಿದೆ. ಉಳಿದ 438.69 ಸೇರಿಸಿದರೆ ಅದೇ 5,413.35 ಬರುತ್ತದೆ. ಈ ಬಗೆಯ ನೋಟ್‌ನಲ್ಲೂ ಜಿಎಸ್‌ಟಿ ಲೆಕ್ಕ ತೋರಿಸಲು Taxable value of supply ಸಾಲನ್ನು ಮುದ್ರಿಸಿರಬಹುದು. ಅದನ್ನು ಇನ್ನೊಮ್ಮೆ ಕೂಡಿಸಿದರೆ 6,188.01 ಆಗುತ್ತದೆ, ನೋಟ್ ತಪ್ಪೆಂದು ಕಾಣುತ್ತದೆ. ನಿಮ್ಮದು ಯಾವ ಪದ್ಧತಿ ಎಂದು ತಿಳಿಯಲು ಒಂದೇ ಸಾಲನ್ನು ನೋಡಿ: ಷೇರಿನ ಸಂಖ್ಯೆಯನ್ನು ಟ್ರೇಡ್ ಬೆಲೆಯಿಂದ ಗುಣಿಸಿ. ಸಾಲಿನ ಕೊನೆಯ ಮೊತ್ತ ಅಷ್ಟೇ ಇದ್ದರೆ ಬ್ರೋಕರೇಜ್ ಹೊರಗಿದೆ, ಬೇರೆ ಇದ್ದರೆ ಒಳಗಿದೆ.

ಶುಲ್ಕಗಳ ಒಟ್ಟು ಮೊತ್ತ 1,213.35. ಇದರಲ್ಲಿ ಬ್ರೋಕರೇಜ್ ಮತ್ತು ಅದರ ಜಿಎಸ್‌ಟಿಯೇ 914.10, ನಾಲ್ಕರಲ್ಲಿ ಮೂರು ಪಾಲು. ಬ್ರೋಕರ್ ಕೈಯಲ್ಲಿ ಹೆಚ್ಚು ಕಡಿಮೆ ಮಾಡಲು ಸಾಧ್ಯವಿರುವುದೂ ಇದೊಂದೇ. ಸಮಯ ಕಡಿಮೆ ಇರುವವರು ಎಕ್ಸ್‌ಚೇಂಜ್ ಶುಲ್ಕದ ಪೈಸೆ ಎಣಿಸುವುದನ್ನು ಬಿಟ್ಟು ಬ್ರೋಕರೇಜ್ ಕಾಲಂ ಒಂದನ್ನೇ ನೋಡಿದರೂ ಬಹುಪಾಲು ಕೆಲಸ ಮುಗಿಯುತ್ತದೆ.

ಲೆಡ್ಜರ್ ಜತೆ

5,413.35 ಬ್ರೋಕರ್ ಬಳಿಯ ನಿಮ್ಮ ಹಣದ ಖಾತೆಯಾದ ಲೆಡ್ಜರ್‌ನಲ್ಲಿ ಅದೇ ಸೆಟ್ಲ್‌ಮೆಂಟ್ ನಂಬರ್‌ನೊಂದಿಗೆ ಖರ್ಚಿನ ಬದಿಯಲ್ಲಿ ಬರಬೇಕು. 2023ರ ಜನವರಿ 27ರಿಂದ ಎಲ್ಲ ಷೇರುಗಳೂ ವ್ಯವಹಾರದ ಮರುದಿನವೇ ಸೆಟ್ಲ್ ಆಗುತ್ತವೆ. ಬ್ಯಾಂಕ್ ರಜೆ ನಡುವೆ ಬಂದರೆ ಮಾತ್ರ ಒಂದು ದಿನ ಮುಂದಕ್ಕೆ ಹೋಗುತ್ತದೆ. ಲೆಡ್ಜರ್‌ನಲ್ಲಿ ಇದರ ಜತೆಗೇ ನೋಟ್‌ನಲ್ಲಿಲ್ಲದ ಒಂದು ಖರ್ಚೂ ಕಾಣುತ್ತದೆ: ಡಿಪಿ ಶುಲ್ಕ. ಡಿಮ್ಯಾಟ್‌ನಿಂದ ಷೇರು ಹೊರಹೋದಾಗ, ಒಂದು ಕಂಪನಿಗೆ ಒಂದು ದಿನಕ್ಕೆ ಒಂದು ಸಲ, 10 ಷೇರಾದರೂ 10,000 ಷೇರಾದರೂ ಅಷ್ಟೇ. ಎರಡನೇ ಕಂಪನಿಯ 100 ಷೇರಿಗೆ ಇದು ಬೀಳುತ್ತದೆ. ಮೊದಲನೇ ಕಂಪನಿಯ 200 ಷೇರು ಡಿಮ್ಯಾಟ್ ಮೆಟ್ಟಿಲು ಹತ್ತಿಲ್ಲ, ಅದಕ್ಕೆ ಬಿದ್ದಿದ್ದರೆ ಕೇಳಿ. ತಡ ಪಾವತಿಯ ಬಡ್ಡಿ, ವಾರ್ಷಿಕ ಶುಲ್ಕ, ಫೋನ್ ಮೂಲಕ ಆರ್ಡರ್ ಹಾಕಿದ್ದಕ್ಕೆ ಶುಲ್ಕ ಇವೂ ಸಾಮಾನ್ಯವಾಗಿ ಲೆಡ್ಜರ್‌ನಲ್ಲೇ ಸದ್ದಿಲ್ಲದೆ ಕೂರುತ್ತವೆ. ನೋಟ್ ಸರಿಯಿದ್ದೂ ದುಡ್ಡು ಕಡಿಮೆ ಎನಿಸಿದರೆ ಹುಡುಕಬೇಕಾದ ಜಾಗ ಅದು.

ವರ್ಷದ ಕೊನೆಗೆ ತೆರಿಗೆ ಲೆಕ್ಕಕ್ಕೆ ಕೂರುವಾಗ ಇದೇ ನೋಟ್ ಮತ್ತೆ ಬೇಕಾಗುತ್ತದೆ. ಎರಡನೇ ಕಂಪನಿಯ ಮಾರಾಟದಂಥ ಬಂಡವಾಳ ಲಾಭದಲ್ಲಿ ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯುವಂತಿಲ್ಲ. ಅದೇ ದಿನದ 200 ಷೇರಿನ ವ್ಯವಹಾರ ಸಟ್ಟಾ ವ್ಯಾಪಾರದ ಆದಾಯ, ಅಲ್ಲಿ ಎಸ್‌ಟಿಟಿಯೂ ಖರ್ಚು. ಆದ್ದರಿಂದ ಶುಲ್ಕಗಳನ್ನು ಒಟ್ಟಿಗೆ ಗುಡ್ಡೆ ಹಾಕದೆ ಡೆಲಿವರಿ ಮತ್ತು ಇಂಟ್ರಾಡೇ ಎಂದು ಬೇರೆ ಬೇರೆ ಬರೆದಿಡಿ.

ವ್ಯತ್ಯಾಸ ಖಚಿತವಾದರೆ ಫೋನ್ ಮಾಡಬೇಡಿ, ಇಮೇಲ್ ಮಾಡಿ. ಕಾಂಟ್ರಾಕ್ಟ್ ನೋಟ್ ನಂಬರ್, ಸೆಟ್ಲ್‌ಮೆಂಟ್ ನಂಬರ್, ಆರ್ಡರ್ ನಂಬರ್, ನೋಟ್‌ನಲ್ಲಿರುವ ಮೊತ್ತ, ನಿಮ್ಮ ಲೆಕ್ಕದ ಮೊತ್ತ, ದರಪಟ್ಟಿಯ ಪ್ರತಿ ಇಷ್ಟಿದ್ದರೆ ಪತ್ರ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ‘ಶುಲ್ಕ ಜಾಸ್ತಿ ಹಾಕಿದ್ದೀರಿ’ ಎಂದು ಬರೆದವರಿಗೆ ದರಗಳ ಪಟ್ಟಿಯೊಂದು ಉತ್ತರವಾಗಿ ಬರುತ್ತದೆ. ‘ಈ ಆರ್ಡರ್‌ನ 200 ಷೇರಿಗೆ ತಲಾ 0.1236ರ ಬದಲು 1.236 ಹಾಕಿದ್ದೀರಿ, ಎಸ್‌ಟಿಟಿ ಮಾತ್ರ ಇಂಟ್ರಾಡೇ ದರದಲ್ಲಿದೆ’ ಎಂದು ಬರೆದರೆ ಲೆಕ್ಕ ತೆರೆದು ನೋಡಲೇಬೇಕಾಗುತ್ತದೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅಲ್ಲಿ ಬ್ರೋಕರ್ 21 ದಿನಗಳೊಳಗೆ ಉತ್ತರ ಕೊಡಬೇಕು. ಅಲ್ಲೂ ಬಗೆಹರಿಯದಿದ್ದರೆ ಸ್ಮಾರ್ಟ್ ಒಡಿಆರ್ ವೇದಿಕೆಯಲ್ಲಿ ಮೊದಲು ಸಂಧಾನ, ಆಮೇಲೆ ಪಂಚಾಯ್ತಿ. ಮೂರೂ ಕಡೆ ಲಗತ್ತಿಸಬೇಕಾದ್ದು ಡಿಜಿಟಲ್ ಸಹಿ ಇರುವ ಮೂಲ ಪಿಡಿಎಫ್. ಸ್ಕ್ರೀನ್‌ಶಾಟ್ ಕಳಿಸಿದರೆ ಆ ಸಹಿ ಉಳಿಯುವುದಿಲ್ಲ.